ಕಾಫಿ ಕೊಯ್ಲಿಗೆ ಮಕ್ಕಳು ಕೈಜೋಡಿಸಬಹುದೇ?

ಪ್ರಶ್ನೆ: ಮೂಡಿಗೆರೆಯಲ್ಲಿ ನಮಗೆ ಎರಡು ಎಕರೆ ಕಾಫಿ ತೋಟವಿದೆ. ಹನ್ನೆರಡು ವರ್ಷದ ಮಗಳು ಕೊಯ್ಲಿಗೆ ಬಂದರೆ ತಪ್ಪೇ? ಕೂಲಿಯವರ ಮಗನೂ ಅವಳ ವಯಸ್ಸಿನವನೇ, ಅವನು ಬರಬಹುದೇ?

ಉತ್ತರ: ಮಗಳು ಬರಬಹುದು, ಆ ಹುಡುಗ ಬರುವಂತಿಲ್ಲ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ ಹದಿನಾಲ್ಕು ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಕುಟುಂಬದ ಉದ್ಯಮಕ್ಕೆ ನೆರವಾಗುವುದಕ್ಕೆ ವಿನಾಯಿತಿಯಿದೆ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. 2017ರ ನಿಯಮಗಳ ಪ್ರಕಾರ ದಿನಕ್ಕೆ ಮೂರು ಗಂಟೆ ಮೀರಬಾರದು, ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸ ಕೂಡದು. ಆಳು ಸಿಗಲಿಲ್ಲವೆಂದು ದೊಡ್ಡವರ ಬದಲಿಗೆ ಮಗಳನ್ನು ನಿಲ್ಲಿಸಿದರೆ ಅದು ನೆರವಲ್ಲ. ಔಷಧಿ ಸಿಂಪಡಣೆಯ ಹತ್ತಿರಕ್ಕಂತೂ ಬಿಡಬೇಡಿ.

ಹುಡುಗನ ವಿಷಯದಲ್ಲೇ ನಮ್ಮ ಕಡೆ ಹೆಚ್ಚು ತಪ್ಪಾಗುವುದು. ಅಪ್ಪ ಅಮ್ಮನ ಜೊತೆಯೇ ಇದ್ದಾನಲ್ಲ ಎನ್ನುತ್ತೇವೆ. ಆದರೆ ತೋಟ ಅವರದಲ್ಲ, ನಿಮ್ಮದು. ಸಂಜೆ ತೂಕದ ಹೊತ್ತಿಗೆ ಅವನು ಕೊಯ್ದ ಎಂಟು ಕಿಲೋ ಹಣ್ಣು ಅಮ್ಮನ ಚೀಲಕ್ಕೆ ಸೇರಿ ಅವಳ ಹೆಸರಿನಲ್ಲಿ ಬರೆಯಲ್ಪಡುತ್ತದೆ. ಅವನ ದುಡಿಮೆಗೆ ಕೂಲಿ ಸಂದಿತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ ಎಂಬ ನೆಪ ನಡೆಯುವುದಿಲ್ಲ. ಶಿಕ್ಷೆ ಮಾಲೀಕರಿಗೆ: ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ.

ಹದಿನಾಲ್ಕು ತುಂಬಿದವರನ್ನು ಹದಿನೆಂಟರವರೆಗೆ ಅಪಾಯಕಾರಿ ಕೆಲಸಗಳಿಗೆ ಸೇರಿಸುವಂತಿಲ್ಲ. ಮಿಕ್ಕ ಕೆಲಸಗಳಲ್ಲಿ ವಿರಾಮವೂ ಸೇರಿ ದಿನಕ್ಕೆ ಆರು ಗಂಟೆಯ ಮಿತಿಯಿದೆ.