ತಾಟು ಲೆಕ್ಕ ಸರಿ ಇದ್ದರೂ ಸ್ಟಾಕ್ ಯಾಕೆ ಕಮ್ಮಿ?

"ನಮ್ಮ ಸಮುದಾಯ ಭವನದಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಪಾತ್ರೆ ಬರೆದೇ ಕೊಡ್ತೀವಿ. ಆದ್ರೂ ವರ್ಷದ ಕೊನೆಗೆ ಸ್ಟಾಕ್ ಹೊಂದಲ್ಲ. ಏನು ಮಾಡೋದು?"

ಗದಗಿನ ನಮ್ಮ ಭವನದಲ್ಲೂ ಇದೇ ಆಗಿತ್ತು. ಒಂದು ಮದುವೆಗೆ 150 ತಾಟು ಕೊಟ್ಟೆವು, 150 ವಾಪಸ್ ಬಂದವು. ಕೈಗೆತ್ತಿ ನೋಡಿದರೆ ನಾಲ್ಕು ತೆಳ್ಳಗಿದ್ದವು. ಅಡಿಗೆಯವರ ತಾಟು ಇಲ್ಲಿ, ನಮ್ಮವು ಅವರ ಗಾಡಿಯಲ್ಲಿ! ಬರೀ ಎಣಿಸಿದರೆ ಇದು ಗೊತ್ತಾಗಲ್ಲ. ಅದಕ್ಕೆ ಪಾತ್ರೆ ಅಂಗಡಿಯಲ್ಲಿ ಪ್ರತಿಯೊಂದರ ಮೇಲೂ ಭವನದ ಹೆಸರು ಕೊರೆಸಿ. ಎಣಿಸುವಾಗ ಹೆಸರಿದ್ದದ್ದನ್ನು ಮಾತ್ರ ಹಿಡಿಯಿರಿ. ಅದೂ ಅಡಿಗೆಯವರ ಗಾಡಿ ಹೊರಡೋ ಮುಂಚೆ. ಮರುದಿನ ಎಣಿಸಿದರೆ ಯಾರನ್ನು ಕೇಳ್ತೀರಿ?

ದೀಪದ ಸಮೆಯನ್ನು "1" ಅಂತ ಬರೀಬೇಡಿ. ತಳ, ಕಂಬ, ಎಣ್ಣೆ ತಟ್ಟೆ, ಶಿಖರ ಅಂತ ಬಿಚ್ಚಿ ಬರೆಯಿರಿ. ಹೆಚ್ಚಾಗಿ ಕಳೆಯೋದು ಶಿಖರವೇ. ಕೊಪ್ಪರಿಗೆಗೆ ಮುಚ್ಚಳವೂ ಹಾಗೇ, ಬೇರೆ ಸಾಲು.

ಜಮಖಾನೆಗೆ ಲೆಕ್ಕಕ್ಕಿಂತ ಹಸಿಯದ್ದೇ ಚಿಂತೆ. ಬಿಡಿಸಿ ನೋಡಿ, ಒದ್ದೆ ಇದ್ದರೆ "ಬಂತು, ಒಣಗಿಲ್ಲ" ಅಂತ ಬರೆದು ಹೊರಗೇ ಹಾಕಿ. ಸುಮ್ನೆ ಸುತ್ತಿಟ್ಟರೆ ಪಕ್ಕದ ಚಾಪೆಗೂ ಬೂಷ್ಟು.

ಇನ್ನು ಸಹಿ. ಒಯ್ಯಲು ಬಂದ ಹುಡುಗನದ್ದಲ್ಲ, ಡಿಪಾಜಿಟ್ ಕಟ್ಟಿದವರದ್ದೇ ಇರಲಿ. ಕೊಡುವಾಗ ಒಂದು, ವಾಪಸ್ ಬಂದಾಗ ಒಂದು, ಅದೇ ಹಾಳೆಯ ಮೇಲೆ.