ಆ ಮೆಸೇಜಲ್ಲಿ ದುಡ್ಡಿನ ಮಾತೇ ಇಲ್ಲ

"ಕೋಲಾರ ಮಂಡಿಗೆ ಇಬ್ಬರೂ ಸೇರಿ ಹಾಕಿದ ಟೊಮೆಟೊದಲ್ಲಿ ನನ್ನ ಪಾಲಿನ 18 ಸಾವಿರ ಮುಚ್ಚಿಟ್ಟ ಚಿಕ್ಕಪ್ಪನ ಮಗ ‘ಬೇಜಾರಾಗಿದ್ರೆ ಸಾರಿ ಕಣೋ, ಪರಿಸ್ಥಿತಿ ಹಂಗಿತ್ತು, ಇಲ್ಲಿಗೇ ಬಿಟ್ಬಿಡು’ ಅಂತ ಕಳಿಸಿದ್ದಾನೆ. ನಂಬಬಹುದಾ?"

ಇಷ್ಟಕ್ಕೇ ನಂಬಬೇಡಿ. ‘ಬೇಜಾರಾಗಿದ್ರೆ’ ಅಂದಾಗ ಮಾತು ಅವರ ತಪ್ಪಿನಿಂದ ನಿಮ್ಮ ಬೇಜಾರಿಗೆ ಜಾರುತ್ತದೆ. ‘ಪರಿಸ್ಥಿತಿ ಹಂಗಿತ್ತು’ ಅನ್ನುವಲ್ಲಿ ಮಾಡಿದವರೇ ಇಲ್ಲ. ಇವೆರಡಕ್ಕಿಂತ ದೊಡ್ಡದು ಬಿಟ್ಟುಹೋಗಿರೋದು: ದುಡ್ಡು, ಮಂಡಿ ಚೀಟಿ, ಕೊಡುವ ದಿನ.

ಆದರೆ ನಾಚಿಕೆಯಲ್ಲಿ ಬರೆಯುವವರೂ ಹೀಗೇ ಬರೆಯುತ್ತಾರೆ, ಬರೀ ಪದ ನೋಡಿ ತೀರ್ಮಾನ ಬೇಡ. ‘ಯಾವುದಕ್ಕೆ ಸಾರಿ, ದುಡ್ಡು ಯಾವಾಗ?’ ಅಂತ ಒಂದೇ ಸಲ ಕೇಳಿ. ‘ನಾನೇ ಇಟ್ಕೊಂಡೆ, ಮುಂದಿನ ಕೊಯ್ಲಿಗೆ ಕೊಡ್ತೀನಿ’ ಅಂದರೆ ಕ್ಷಮೆಗೆ ತೂಕವಿದೆ. ‘ಸಾರಿ ಕೇಳಿದ್ನಲ್ಲ, ಇನ್ನೇನು?’ ಅಂದರೆ ಅದು ನಿಮ್ಮ ಬಾಯಿ ಮುಚ್ಚಿಸೋಕೆ ಬಂದದ್ದು.