ಬೀರುವಿನ ಹಿಂದಿನ ಬೂಷ್ಟು: ನೀರು ಗೋಡೆಯದೋ, ಗಾಳಿಯದೋ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಪ್ರತಿ ಮಳೆಗಾಲ ಮಲಗುವ ಕೋಣೆಯ ಪಶ್ಚಿಮದ ಗೋಡೆಯಲ್ಲಿ, ಬೀರುವಿನ ಹಿಂದೆ ಕಪ್ಪು ಬೂಷ್ಟು ಕಟ್ಟುತ್ತದೆ. ಸೀರೆಗಳಿಗೂ ಮುಗ್ಗುಲು ವಾಸನೆ ಹಿಡಿಯುತ್ತದೆ. ಹೋದ ವರ್ಷ ಒರೆಸಿ ಪೇಂಟ್ ಮಾಡಿಸಿದರೂ ಈ ಆಗಸ್ಟ್‌ನಲ್ಲಿ ಮತ್ತೆ ಬಂದಿದೆ. ಮಳೆಯೆಂದು ಕಿಟಕಿ ಮುಚ್ಚಿ, ಬಟ್ಟೆಯನ್ನು ಅದೇ ಕೋಣೆಯಲ್ಲಿ ಫ್ಯಾನ್ ಕೆಳಗೆ ಒಣಗಿಸುತ್ತೇವೆ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ ತರಿಸುವುದು ಒಳ್ಳೆಯದೇ?

ಉತ್ತರ: ಯಂತ್ರಕ್ಕೆ ಹಣ ಹಾಕುವ ಮೊದಲು, ಆ ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೊರಗಿನ ಮಳೆನೀರು ಗಾರೆಯ ಬಿರುಕಿನಿಂದ ಒಳಗೆ ಇಳಿಯುತ್ತಿದ್ದರೆ ಅದಕ್ಕೆ ಬೇಕಾದದ್ದು ಮೇಸ್ತ್ರಿಯೇ ಹೊರತು ಯಂತ್ರವಲ್ಲ. ಕೋಣೆಯ ಗಾಳಿಯಲ್ಲಿರುವ ತೇವ ಗೋಡೆಗೆ ಹಿಡಿಯುತ್ತಿದ್ದರೆ ಮೇಸ್ತ್ರಿ ಎಷ್ಟು ಸಲ ಬಂದುಹೋದರೂ ಬೂಷ್ಟು ಹೋಗುವುದಿಲ್ಲ.

ಇದನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಬೀರುವನ್ನು ಸರಿಸಿ, ಬೂಷ್ಟಿಲ್ಲದ ಜಾಗವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಂದು ಅಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ಗೋಡೆಯೇ ನೀರು ಕುಡಿದಿದೆ. ಹಿಂಬದಿ ಒಣಗಿದ್ದು, ಕೋಣೆಯ ಕಡೆಯ ಮುಖ ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ಎರಡೂ ಬದಿ ಒಣಗಿದ್ದ ಮಾತ್ರಕ್ಕೆ ಗಾಳಿಯ ತೇವ ಇಲ್ಲವೆಂದಲ್ಲ, ಏಕೆಂದರೆ ಹನಿ ಕಟ್ಟುವಷ್ಟು ತೇವವಿಲ್ಲದಿದ್ದರೂ ಬೂಷ್ಟು ಬೆಳೆಯುತ್ತದೆ. ಇದರ ಜೊತೆಗೆ ಕಲೆ ಎಲ್ಲಿದೆ ಎಂಬುದನ್ನೂ ನೋಡಿ. ನೆಲದಿಂದ ಸುಮಾರು ಮೂರು ಅಡಿಯವರೆಗೆ ಮಾತ್ರ ಬಣ್ಣ ಉಬ್ಬಿ, ಬಿಳಿಯ ಉಪ್ಪು ಪುಡಿಪುಡಿಯಾಗಿ ಉದುರುತ್ತಿದ್ದರೆ ಅದು ಅಡಿಪಾಯದಿಂದ ಏರಿಬಂದ ತೇವ. ಮಳೆ ನಿಂತ ಒಂದೆರಡು ದಿನಗಳಲ್ಲಿ ಬಿರುಕಿನ ಗುಂಟ ಕಂದು ಕಲೆ ಹರಡಿದರೆ ಅದು ಸೋರಿಕೆ. ನೀವು ಹೇಳುವಂತೆ ಬೀರುವಿನ ಆಕಾರದಲ್ಲೇ ಕಪ್ಪು ಚುಕ್ಕೆಗಳು ಗುಂಪಾಗಿದ್ದು, ಗಾಳಿಯಾಡುವ ಪಕ್ಕದ ಗೋಡೆ ಸ್ವಚ್ಛವಾಗಿದ್ದರೆ ನನಗೆ ಅನುಮಾನ ಬರುವುದು ಕೋಣೆಯ ಗಾಳಿಯ ಮೇಲೆಯೇ.

ಬೀರುವಿನ ಹಿಂದೆಯೇ ಏಕೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಕೋಣೆಯ ಉಷ್ಣತೆ 26 ಡಿಗ್ರಿ, ತೇವಾಂಶ ಶೇ. 75 ಇದೆ ಎಂದಿಟ್ಟುಕೊಳ್ಳಿ. ಆಗ ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಿನ ಆವಿ ಇರುತ್ತದೆ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ನಿಮ್ಮ ಪಶ್ಚಿಮದ ಗೋಡೆಗೆ ಇರಚಲು ಹೊಡೆದು, ಆ ನೀರು ಆರುವಾಗ ಗೋಡೆ ತಣ್ಣಗಾಗುತ್ತದೆ. ಬೀರು ಅಡ್ಡವಿರುವುದರಿಂದ ಒಳಗಿನ ಬೆಚ್ಚಗಿನ ಗಾಳಿಯೂ ಅದಕ್ಕೆ ತಾಗುವುದಿಲ್ಲ. ಅಲ್ಲಿ ಗೋಡೆಯ ಮೈ 23 ಡಿಗ್ರಿಗೆ ಇಳಿದಿದ್ದರೆ, ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿಯೇ ಸುಮಾರು 20.5 ಗ್ರಾಂ. ಹಾಗಾಗಿ ಅದೇ 18 ಗ್ರಾಂ ಆವಿ ಅಲ್ಲಿ ಶೇ. 90ರ ಹತ್ತಿರದ ತೇವಾಂಶವಾಗುತ್ತದೆ. ಗೋಡೆಯ ಮೈಯಲ್ಲಿ ತೇವಾಂಶ ಶೇ. 80ನ್ನು ದಾಟಿ ಹಲವು ದಿನ ಹಾಗೆಯೇ ಉಳಿದರೆ ಬೂಷ್ಟಿಗೆ ಅಷ್ಟು ಸಾಕು, ಧೂಳು ಮತ್ತು ಬಣ್ಣದಲ್ಲಿರುವ ಅಂಟು ಅದಕ್ಕೆ ಆಹಾರವಾಗುತ್ತವೆ. ಹೋದ ವರ್ಷದ ಪೇಂಟ್ ನಿಲ್ಲದಿರಲು ಕಾರಣ ಇದೇ.

ಈಗ ನಿಮ್ಮ ಒಗೆದ ಬಟ್ಟೆಯ ವಿಷಯ. ಮೆಷಿನ್‌ನಲ್ಲಿ ಹಿಂಡಿದ ಮೇಲೂ ಒಂದು ಸಲದ ಬಟ್ಟೆಯಲ್ಲಿ ಎರಡು ಲೀಟರ್‌ನಷ್ಟು ನೀರು ಉಳಿದಿರುತ್ತದೆ, ಕೈಯಲ್ಲಿ ಹಿಂಡಿದ್ದರೆ ಇನ್ನೂ ಹೆಚ್ಚು. ಹತ್ತು ಅಡಿ ಎತ್ತರದ, ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿರುವುದು ಸುಮಾರು 34 ಘನ ಮೀಟರ್ ಗಾಳಿ. 26 ಡಿಗ್ರಿಯಲ್ಲಿ ಅಷ್ಟೂ ಗಾಳಿ ಸೇರಿ ಹಿಡಿಯಬಲ್ಲ ಆವಿ ಒಂದು ಲೀಟರ್ ನೀರಿಗೂ ಕಡಿಮೆ, ಅದರಲ್ಲಿಯೂ ಮುಕ್ಕಾಲು ಪಾಲು ಆಗಲೇ ತುಂಬಿದೆ. ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಬಟ್ಟೆಯೇನೋ ಒಣಗುತ್ತದೆ, ಆದರೆ ಅದರ ನೀರು ಗೋಡೆ, ಹಾಸಿಗೆ ಮತ್ತು ಬೀರುವಿನೊಳಗಿನ ಸೀರೆಗಳಿಗೆ ಹೋಗಿ ಸೇರುತ್ತದೆ. ಬಟ್ಟೆಯನ್ನು ತಾರಸಿಯ ಶೀಟಿನ ಕೆಳಗೋ, ಸಜ್ಜಾ ಇರುವ ಬಾಲ್ಕನಿಗೋ ಸಾಗಿಸುವುದೇ ನಿಮ್ಮ ಮನೆಗೆ ಮೊದಲ ಚಿಕಿತ್ಸೆ ಎಂದು ನಾನು ಒತ್ತಿ ಹೇಳುತ್ತೇನೆ.

ಎರಡನೆಯದು ಕಿಟಕಿ. ಹೊರಗೆ ತೇವಾಂಶ ಶೇ. 90 ಇದ್ದಾಗ ಕಿಟಕಿ ತೆರೆದರೆ ತೇವ ಒಳಗೆ ಬರುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಆದರೆ ಶೇಕಡಾವಾರು ಅಂಕಿಯನ್ನು ಉಷ್ಣತೆಯ ಜೊತೆಗೇ ಓದಬೇಕು. ಬೆಳಗ್ಗೆ 21 ಡಿಗ್ರಿಯಲ್ಲಿ ಶೇ. 92 ತೇವಾಂಶವಿರುವ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 17 ಗ್ರಾಂ ಆವಿ ಇರುತ್ತದೆ, ಮಧ್ಯಾಹ್ನ 27 ಡಿಗ್ರಿಯಲ್ಲಿ ಶೇ. 67 ಇದ್ದಾಗಲೂ ಹೆಚ್ಚುಕಡಿಮೆ ಅಷ್ಟೇ. ಉಸಿರು, ಅಡುಗೆ, ಸ್ನಾನ, ಬಟ್ಟೆಗಳಿಂದ ಮುಚ್ಚಿದ ಕೋಣೆಯ ಗಾಳಿ ಇದಕ್ಕಿಂತ ಹೆಚ್ಚು ಆವಿಯನ್ನು ಹೊತ್ತಿರುವುದರಿಂದ, ಮಳೆ ಬಿಡುವು ಕೊಟ್ಟಾಗಲೆಲ್ಲ ಎದುರುಬದುರಿನ ಕಿಟಕಿ ಬಾಗಿಲುಗಳನ್ನು ಅರ್ಧ ಗಂಟೆ ತೆರೆದಿಟ್ಟರೆ ಲಾಭವೇ. ಆದರೆ ಇದಕ್ಕೊಂದು ಮಿತಿಯಿದೆ: ಕಿಟಕಿಯಿಂದ ಒಳಗಿನ ಆವಿಯನ್ನು ಹೊರಗಿನ ಮಟ್ಟಕ್ಕೆ ತರಬಹುದೇ ಹೊರತು ಅದಕ್ಕಿಂತ ಕೆಳಗೆ ಇಳಿಸಲಾಗದು. ಬಚ್ಚಲಿನ ಎಕ್ಸಾಸ್ಟ್ ಫ್ಯಾನನ್ನು ಸ್ನಾನ ಮುಗಿದ ಮೇಲೂ ಇಪ್ಪತ್ತು ನಿಮಿಷ ಓಡಿಸಿ. ಬಾಗಿಲಿನ ಕೆಳಗೆ ಸಂದಿಯಿಲ್ಲದಿದ್ದರೆ ಫ್ಯಾನ್ ತಿರುಗಿದರೂ ಗಾಳಿ ಹೊರಗೆ ಹೋಗದು.

ಬೀರುವನ್ನು ಒಳಗೋಡೆಯ ಕಡೆಗೆ ಸಾಗಿಸಿ. ಸಾಧ್ಯವಿಲ್ಲದಿದ್ದರೆ ಗೋಡೆಗೂ ಅದಕ್ಕೂ ನಡುವೆ ನಾಲ್ಕು ಬೆರಳಿನಷ್ಟಾದರೂ ಜಾಗ ಬಿಡಿ. ಜೊತೆಗೆ ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ತೇವಾಂಶ ಮಾಪಕವೊಂದನ್ನು ತಂದು ಆ ಸಂದಿಯಲ್ಲಿಡಿ. ಅದರ ಅಂಕಿ ಸರಿಯೇ ಎಂದು ನೋಡಲು, ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಕೆಲವೇ ಹನಿ ನೀರಿನಲ್ಲಿ ಕಲಸಿ (ಉಪ್ಪು ಪೂರ್ತಿ ಕರಗಬಾರದು), ಮಾಪಕದ ಜೊತೆ ಜಿಪ್ ಚೀಲದಲ್ಲಿ ಭದ್ರವಾಗಿ ಮುಚ್ಚಿಡಿ. ಹನ್ನೆರಡು ಗಂಟೆಯ ನಂತರ ಅದು ಶೇ. 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮಾಪಕ ಐದು ಅಂಶ ಕಡಿಮೆ ಓದುತ್ತಿದೆ ಎಂದರ್ಥ.

ಇಷ್ಟೆಲ್ಲ ಮಾಡಿದ ಎರಡು ವಾರಗಳ ಬಳಿಕವೂ ಬೀರುವಿನ ಹಿಂದೆ ಅಂಕಿ ಶೇ. 75ಕ್ಕಿಂತ ಕೆಳಗೆ ಇಳಿಯದಿದ್ದರೆ, ಅಥವಾ ಬಟ್ಟೆ ಒಣಗಿಸಲು ಬೇರೆ ಜಾಗವೇ ಇಲ್ಲದಿದ್ದರೆ, ಆಗ ಯಂತ್ರ ತರಿಸಿ. ಕಂಪ್ರೆಸರ್ ಇರುವುದನ್ನೇ ಕೊಳ್ಳಿ. ಅಂಗೈಯಗಲದ ಅಗ್ಗದ ಯಂತ್ರಗಳು ದಿನಕ್ಕೆ ಕೆಲವು ನೂರು ಮಿಲಿಲೀಟರ್ ನೀರನ್ನಷ್ಟೇ ಹೀರುತ್ತವೆ. ಪೆಟ್ಟಿಗೆಯ ಮೇಲೆ ದಿನಕ್ಕೆ 12 ಲೀಟರ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 30 ಡಿಗ್ರಿ, ಶೇ. 80 ತೇವಾಂಶದ ಲೆಕ್ಕ, ನಿಮ್ಮ ಕೋಣೆಯಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು. ಯಂತ್ರ ನಡೆಯುವಾಗ ಕಿಟಕಿ ಬಾಗಿಲು ಮುಚ್ಚಿರಬೇಕು, ಇಲ್ಲದಿದ್ದರೆ ಅದು ಊರಿನ ಮಳೆಗಾಲವನ್ನೇ ಒಣಗಿಸಲು ಹೊರಟಂತೆ. ಎಸಿ ಇದ್ದರೆ ಅದರ ಡ್ರೈ ಮೋಡ್ ಅನ್ನು ಮೊದಲು ಬಳಸಿ ನೋಡಿ. ನುಸಿಗುಳಿಗೆ, ಕರ್ಪೂರಗಳು ವಾಸನೆಯನ್ನು ಮರೆಸುತ್ತವೆಯೇ ಹೊರತು ತೇವವನ್ನು ಹೀರುವುದಿಲ್ಲ.

ಈಗಿರುವ ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಅದರ ಬೀಜಕಣಗಳು ಮನೆಯಿಡೀ ಹಾರುತ್ತವೆ. ಎನ್95 ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿ. ಬ್ಲೀಚ್ ಬಳಸುವುದಾದರೆ ಅದನ್ನು ಬಚ್ಚಲು ತೊಳೆಯುವ ಆ್ಯಸಿಡ್ ಜೊತೆ ಎಂದಿಗೂ ಬೆರೆಸಬೇಡಿ, ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಮನೆಯಲ್ಲಿ ಉಬ್ಬಸವಿರುವವರು ಯಾರಾದರೂ ಇದ್ದರೆ ಈ ಕೆಲಸಕ್ಕೆ ಅವರು ಕೈಹಾಕುವುದು ಬೇಡ.

ಹೊಸ ಬಣ್ಣವನ್ನು ಮಾತ್ರ ಈಗಲೇ ಬಳಿಸಬೇಡಿ. ಜನವರಿಯ ಒಣಹವೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಹಾಳೆಯ ಹಿಂಬದಿ ಪೂರ್ತಿ ಒಣಗಿದ್ದರೆ ಮೊದಲು ಹೊರಮೈಯ ಗಾರೆಯ ಬಿರುಕುಗಳನ್ನು ಮುಚ್ಚಿಸಿ. ಆಮೇಲೆ ಒಳಗೆ, ಬೀರುವಿನ ಹಿಂದಿನ ಭಾಗಕ್ಕಾದರೂ, ಹಳೆಯ ಪೇಂಟನ್ನು ಕೆರೆದು ಸುಣ್ಣ ಬಳಿಸಿ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ, ಗೋಡೆಯ ತೇವವೂ ಅದರ ಮೂಲಕ ಆರಿಹೋಗುತ್ತದೆ.